ಎಂಜಿನ್ ಸುಮ್ಮನಿದ್ದರೂ ಕಾರು ಸಿದ್ಧ

ಪೆಟ್ರೋಲ್ ಕಾರಿನಲ್ಲಿ ‘ಎಂಜಿನ್ ಓಡುತ್ತಿದೆ’ ಎಂದು ಹೇಳುವ ದೀಪವೇ ಇಲ್ಲ. ಅದರ ಅಗತ್ಯ ಯಾರಿಗೂ ಕಂಡಿರಲಿಲ್ಲ. ಕೀಲಿಯನ್ನು ಅರ್ಧ ತಿರುಗಿಸಿದರೆ ಎದುರಿನ ಫಲಕದಲ್ಲಿ ಆಯಿಲ್ ಲೈಟು ಕೆಂಪಗೆ, ಬ್ಯಾಟರಿ ಲೈಟು ಕೆಂಪಗೆ, ಎಂಜಿನ್ ಚಿತ್ರದ ದೀಪ ಹಳದಿಗೆ ಹೊತ್ತಿಕೊಳ್ಳುತ್ತವೆ. ಎಂಜಿನ್ ತಿರುಗದೆ ಆಯಿಲ್ ಪಂಪೂ ತಿರುಗುವುದಿಲ್ಲ, ಆದ್ದರಿಂದ ಒತ್ತಡ ಸೊನ್ನೆ. ಡೈನಮೋ ತಿರುಗುವುದಿಲ್ಲ, ಆದ್ದರಿಂದ ಚಾರ್ಜ್ ಇಲ್ಲ. ಆ ಹೊತ್ತಿಗೆ ದೀಪಗಳು ಹೇಳುವುದೆಲ್ಲ ನಿಜವೇ. ಸೆಲ್ಫ್ ಹೊಡೆದು ಎಂಜಿನ್ ಎದ್ದ ಕೂಡಲೇ ಒಂದೊಂದಾಗಿ ಆರುತ್ತವೆ. ಎಂಜಿನ್ ಓಡುತ್ತಿದೆ ಎಂಬುದನ್ನು ಕಿವಿ ಹೇಳುತ್ತದೆ, ಎಲ್ಲ ಸರಿಯಿದೆ ಎಂಬುದನ್ನು ಆರಿದ ದೀಪಗಳು ಹೇಳುತ್ತವೆ.

ಹೈಬ್ರಿಡ್ ಕಾರಿಗೆ ಕುಳಿತವರು ಈ ಅಭ್ಯಾಸವನ್ನು ಅರ್ಧದಷ್ಟು ಬಿಡಬೇಕಾಗುತ್ತದೆ. ಇಲ್ಲಿ ಎಚ್ಚರಿಕೆಯ ದೀಪಗಳು ಆರಿದರೆ ಸಾಲದು, ಒಂದು ಹಸಿರು ದೀಪ ಹೊತ್ತಬೇಕು. ಅದರಲ್ಲಿ READY ಎಂದು ಬರೆದಿರುತ್ತದೆ. ಅದು ಹೊತ್ತಿದ್ದರೆ ಎಂಜಿನ್ ತಣ್ಣಗೆ ಮಲಗಿದ್ದರೂ ಕಾರು ಹೊರಡುತ್ತದೆ. ಹೊತ್ತಿರದಿದ್ದರೆ ಉಳಿದ ಪರದೆಗಳೆಲ್ಲ ಎಷ್ಟೇ ಝಗಮಗಿಸಿದರೂ ಕಾರು ಒಂದಂಗುಲ ಅಲುಗುವುದಿಲ್ಲ.

ನಾನು ಹೇಳುತ್ತಿರುವುದು ಎಂಜಿನ್ ಪೂರ್ತಿ ನಿಂತಿದ್ದಾಗಲೂ ಬ್ಯಾಟರಿಯಿಂದಲೇ ಸ್ವಲ್ಪ ದೂರ ಓಡಬಲ್ಲ ‘ಸ್ಟ್ರಾಂಗ್ ಹೈಬ್ರಿಡ್’ ಕಾರುಗಳ ವಿಷಯ. 1997ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಪ್ರಿಯಸ್ ಈ ಕುಲದ ಹಿರಿಯ. ನಮ್ಮ ಬಿಡದಿಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ತಯಾರಿಕೆ ಶುರುವಾಯಿತು. ಈಗ ರಸ್ತೆಯಲ್ಲಿ ಕಾಣುವ ಇನ್ನೋವಾ ಹೈಕ್ರಾಸ್ ಮತ್ತು ಹೈರೈಡರ್ ಹುಟ್ಟುವುದೂ ಅಲ್ಲಿಯೇ. ಬಾಲಕ್ಕೆ ‘ಹೈಬ್ರಿಡ್’ ಎಂದು ಅಂಟಿಸಿಕೊಂಡ ಎಲ್ಲವೂ ಈ ಗುಂಪಿಗೆ ಸೇರುವುದಿಲ್ಲ. ಎಂಜಿನ್‌ಗೆ ಸಣ್ಣ ಮೋಟಾರಿನ ಸಹಾಯ ಮಾತ್ರ ಇರುವ ‘ಮೈಲ್ಡ್ ಹೈಬ್ರಿಡ್’ ಕಾರು ಎಂಜಿನ್ ಇಲ್ಲದೆ ಓಡದು. ಅದರ ದೀಪಗಳನ್ನು ಪೆಟ್ರೋಲ್ ಕಾರಿನ ದೀಪಗಳಂತೆಯೇ ಓದಬಹುದು.

ಆ ಹಸಿರು ದೀಪದ ಹಿಂದೆ ನಡೆಯುವ ಕೆಲಸ ಸಣ್ಣದಲ್ಲ. ಬ್ರೇಕ್ ತುಳಿದು ಪವರ್ ಬಟನ್ ಒತ್ತುತ್ತೀರಿ. ಮೊದಲು ಏಳುವುದು 12 ವೋಲ್ಟಿನ ಮಾಮೂಲು ಬ್ಯಾಟರಿಯಿಂದ ನಡೆಯುವ ಕಂಪ್ಯೂಟರುಗಳು. ಕೀಲಿ ಇದೇ ಕಾರಿನದೇ ಎಂದು ಒಂದು ಕಂಪ್ಯೂಟರ್ ಪರೀಕ್ಷಿಸುತ್ತದೆ. ಹೈಬ್ರಿಡ್ ವ್ಯವಸ್ಥೆಯನ್ನು ಆಳುವ ಮತ್ತೊಂದು ಕಂಪ್ಯೂಟರ್ ದೊಡ್ಡ ಬ್ಯಾಟರಿಯ ಆರೋಗ್ಯ ವಿಚಾರಿಸುತ್ತದೆ. ಹೆಚ್ಚಿನ ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್‌ಗಳ ಕನೆಕ್ಟರುಗಳು, ಮುಚ್ಚಳಗಳು ಸರಿಯಾಗಿ ಕೂತಿವೆಯೇ ಎಂದೂ ನೋಡುತ್ತದೆ. ಇದೆಲ್ಲ ಸರಿಯಿದ್ದರೆ ಮಾತ್ರ ದೊಡ್ಡ ಬ್ಯಾಟರಿಯನ್ನು ಕಾರಿನ ಉಳಿದ ಭಾಗಕ್ಕೆ ಜೋಡಿಸುವ ರಿಲೇಗಳಿಗೆ ಅಪ್ಪಣೆ ಸಿಗುತ್ತದೆ. ಕಾರು ನಿಂತಿರುವಷ್ಟು ಹೊತ್ತೂ ಈ ರಿಲೇಗಳು ತೆರೆದಿರುತ್ತವೆ. ಅಪಾಯದ ವಿದ್ಯುತ್ತು ಬ್ಯಾಟರಿ ಪೆಟ್ಟಿಗೆಯೊಳಗೇ ಉಳಿದಿರುತ್ತದೆ.

ಆ ವಿದ್ಯುತ್ತು ಸಣ್ಣ ಪ್ರಮಾಣದ್ದಲ್ಲ. ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ 1.2 ವೋಲ್ಟಿನ 168 ಸೆಲ್‌ಗಳು ಸೇರಿ 201.6 ವೋಲ್ಟ್ ಆಗುತ್ತದೆ. ಇಷ್ಟನ್ನು ಏಕಾಏಕಿ ಇನ್ವರ್ಟರಿಗೆ ಬಿಟ್ಟರೆ ಅದರೊಳಗಿನ ಖಾಲಿ ಕೆಪಾಸಿಟರುಗಳು ಒಂದೇ ಗುಟುಕಿಗೆ ಕರೆಂಟು ಎಳೆದುಕೊಂಡು ರಿಲೇಯ ತುದಿಗಳನ್ನು ಸುಟ್ಟುಬಿಡುತ್ತವೆ. ಒಣಗಿದ ಕಾಲುವೆಗೆ ತೂಬನ್ನು ಒಮ್ಮೆಗೇ ಪೂರ್ತಿ ಎತ್ತಿದರೆ ಏರಿ ಕೊಚ್ಚಿಕೊಂಡು ಹೋಗುವುದಿಲ್ಲವೇ, ಹಾಗೆ. ಆದ್ದರಿಂದ ಮೊದಲು ಒಂದು ರೆಸಿಸ್ಟರಿನ ಮೂಲಕ ಸಣ್ಣಗೆ ಹರಿಸಿ, ಕೆಪಾಸಿಟರುಗಳು ತುಂಬಿದ ಮೇಲೆ ಮುಖ್ಯ ರಿಲೇ ಮುಚ್ಚಿಕೊಳ್ಳುತ್ತದೆ. ಕಿವಿಗೊಟ್ಟರೆ ಕಾರಿನ ಹಿಂಭಾಗದಿಂದ ‘ಟಕ್, ಟಕ್’ ಎಂಬ ಸದ್ದು ಕೇಳುತ್ತದೆ. ಅಷ್ಟು ಹೊತ್ತು ಮಿಣುಕುತ್ತಿದ್ದ READY ಆಗ ಸ್ಥಿರವಾಗಿ ನಿಲ್ಲುತ್ತದೆ. ಈ ಇಡೀ ವ್ಯವಹಾರಕ್ಕೆ ಸಾಮಾನ್ಯವಾಗಿ ಒಂದೆರಡು ಸೆಕೆಂಡು ಸಾಕು.

ಹಾಗಾಗಿ READY ಎಂದರೆ ‘ಎಂಜಿನ್ ಓಡುತ್ತಿದೆ’ ಎಂದಲ್ಲ. ದೊಡ್ಡ ಬ್ಯಾಟರಿಗೂ ಚಕ್ರಗಳ ಮೋಟಾರಿಗೂ ಸಂಪರ್ಕ ಆಗಿದೆ, ‘D’ಗೆ ಹಾಕಿ ಬ್ರೇಕಿನಿಂದ ಕಾಲು ತೆಗೆದರೆ ಕಾರು ಸರಿಯುತ್ತದೆ ಎಂದು ಅರ್ಥ. ಎಂಜಿನ್ ಬೇಕೋ ಬೇಡವೋ ಎಂಬುದನ್ನು ಕಾರು ಆಮೇಲೆ ತೀರ್ಮಾನಿಸುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ READY ಬಂದ ಕೆಲವೇ ಕ್ಷಣದಲ್ಲಿ ಎಂಜಿನ್ ತಾನಾಗಿ ಎದ್ದು ಸ್ವಲ್ಪ ಹೊತ್ತು ಓಡುವುದುಂಟು. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗದೆ ಕೆಲಸ ಮಾಡದು, ಅದನ್ನು ಕಾಯಿಸಲು ಈ ಓಟ. ಮಧ್ಯಾಹ್ನ ಅದೇ ಕಾರು, ಅದೇ ಬಟನ್, ಎಂಜಿನ್ ಏಳುವುದೇ ಇಲ್ಲ. ಎರಡೂ ಸರಿ. ಹೊಸದಾಗಿ ಕೊಂಡವರು ಎರಡನೆಯದನ್ನು ಕಂಡು ‘ಸ್ಟಾರ್ಟ್ ಆಗಲಿಲ್ಲ’ ಎಂದು ಮತ್ತೆ ಬಟನ್ ಒತ್ತಿ ಕಾರನ್ನು ಆರಿಸಿಬಿಡುವುದು ತೀರ ಸಾಮಾನ್ಯ.

ಇದಕ್ಕಿಂತ ಅಪಾಯಕಾರಿಯಾದದ್ದು ಇದರ ತಿರುಗು. ಮನೆಗೆ ಬಂದು ನಿಲ್ಲಿಸುತ್ತೀರಿ, ಎಂಜಿನ್ ಮೊದಲೇ ನಿಂತಿರುತ್ತದೆ, ಎಲ್ಲ ನಿಶ್ಶಬ್ದ. ಫೋನಿನಲ್ಲಿ ಮಾತಾಡುತ್ತ ಇಳಿದು ಹೋಗುತ್ತೀರಿ. ಬಟನ್ ಒತ್ತಿ ಆರಿಸುವುದು ಮರೆತಿದೆ, READY ಹೊತ್ತೇ ಇದೆ. ಕೀಲಿ ಹೊರಗೆ ಹೋದದ್ದಕ್ಕೆ ಕಾರು ಬೀಪ್ ಎನ್ನುತ್ತದೆ, ಗದ್ದಲದಲ್ಲಿ ಅದು ಕೇಳದೆ ಹೋಗಬಹುದು. ದೊಡ್ಡ ಬ್ಯಾಟರಿ ಸ್ವಲ್ಪ ಇಳಿದ ಕೂಡಲೇ ಎಂಜಿನ್ ತಾನೇ ಎದ್ದು ಚಾರ್ಜ್ ಮಾಡಲು ತೊಡಗುತ್ತದೆ. ಮನೆಗೆ ಅಂಟಿಕೊಂಡ, ಬಾಗಿಲು ಮುಚ್ಚಿದ ಗ್ಯಾರೇಜಾದರೆ ಕಾರ್ಬನ್ ಮೊನಾಕ್ಸೈಡ್ ಒಳಗೇ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಟನ್ ಒತ್ತಿ ಚಾಲೂ ಮಾಡುವ ಕಾರುಗಳನ್ನು ಹೀಗೆ ಮರೆತು ಬಿಟ್ಟು ಅಮೆರಿಕದಲ್ಲಿ ಜನ ಸತ್ತ ಪ್ರಕರಣಗಳು ದಾಖಲಾಗಿವೆ. ಇಳಿಯುವ ಮುಂಚೆ ಆ ಹಸಿರು ಅಕ್ಷರ ಆರಿದೆಯೇ ಎಂದು ನೋಡುವುದನ್ನು ನಾನು ಸೀಟ್ ಬೆಲ್ಟಿನಷ್ಟೇ ಮುಖ್ಯ ಎಂದು ಎಣಿಸುತ್ತೇನೆ. ಬಾನೆಟ್ ಎತ್ತಿ ಕೈ ಹಾಕುವ ಮೆಕ್ಯಾನಿಕ್ಕಿಗೂ ಇದೇ ಮಾತು. ಪೆಟ್ರೋಲ್ ಕಾರಿನ ನಿಂತ ಎಂಜಿನ್ ನಿಂತೇ ಇರುತ್ತದೆ. READY ಇರುವ ಹೈಬ್ರಿಡ್ಡಿನ ನಿಂತ ಎಂಜಿನ್ ಯಾವ ಕ್ಷಣದಲ್ಲಾದರೂ ತಿರುಗಬಹುದು.

ಇನ್ನೊಂದು ಸ್ಥಿತಿಯಿದೆ. ಬ್ರೇಕ್ ತುಳಿಯದೆ ಬಟನ್ ಒತ್ತಿದರೆ ಪರದೆ ಬೆಳಗುತ್ತದೆ, ಹಾಡು ಕೇಳಬಹುದು, ಕಿಟಕಿ ಇಳಿಸಬಹುದು, ಫ್ಯಾನಿನ ಗಾಳಿಯೂ ಬರುತ್ತದೆ. READY ಮಾತ್ರ ಇರುವುದಿಲ್ಲ. ಮದುವೆ ಮಂಟಪದ ಹೊರಗೆ ಕಾಯುವ ಡ್ರೈವರು ಇದನ್ನೇ ‘ಆನ್ ಇದೆ’ ಎಂದು ತಿಳಿದು ಗಂಟೆಗಟ್ಟಲೆ ಕೂರುತ್ತಾರೆ. ಆಗ ಎಲ್ಲ ಹೊರೆ ಬೀಳುವುದು ಸಣ್ಣ 12 ವೋಲ್ಟ್ ಬ್ಯಾಟರಿಯ ಮೇಲೆ, ಅದನ್ನು ತುಂಬಿಸುವವರು ಯಾರೂ ಇಲ್ಲ. ಗುರುತಿಸಲು ಒಂದು ಸುಲಭ ಉಪಾಯವಿದೆ: ಗಾಳಿ ತಣ್ಣಗಿದೆಯೇ ನೋಡಿ. ಈ ಕಾರುಗಳಲ್ಲಿ ಎ.ಸಿ. ಕಂಪ್ರೆಸರಿಗೆ ಬೆಲ್ಟ್ ಇಲ್ಲ, ಅದು ಓಡುವುದು ದೊಡ್ಡ ಬ್ಯಾಟರಿಯ ವಿದ್ಯುತ್ತಿನಿಂದ. READY ಇಲ್ಲದೆ ಫ್ಯಾನ್ ತಿರುಗೀತು, ತಂಪು ಬಾರದು. ಕಾಯಬೇಕಾದಾಗ ಬಯಲಿನಲ್ಲಿ ‘P’ಗೆ ಹಾಕಿ READY ಇಟ್ಟುಕೊಂಡು ಕೂರುವುದೇ ಸರಿ, ಎಂಜಿನ್ ಬೇಕಾದಾಗ ಎದ್ದು ಬೇಡವಾದಾಗ ನಿಲ್ಲುತ್ತದೆ. ‘N’ನಲ್ಲಿ ಬೇಡ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿದ್ದರೂ ದೊಡ್ಡ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಇಳಿಯುತ್ತಲೇ ಹೋಗುತ್ತದೆ.

READY ಬಾರದಿರುವ ಪ್ರಸಂಗಗಳಲ್ಲಿ ಹೆಚ್ಚಿನವು ಈ ಸಣ್ಣ ಬ್ಯಾಟರಿಯ ಬಾಗಿಲಿಗೇ ಬಂದು ನಿಲ್ಲುತ್ತವೆ. ಊರಿಗೆ ಹೋಗಿ ಮೂರು ವಾರ ಬಿಟ್ಟು ಬಂದಿದ್ದೀರಿ ಎಂದಿಟ್ಟುಕೊಳ್ಳಿ. ಬ್ರೇಕ್ ತುಳಿದು ಬಟನ್ ಒತ್ತಿದರೆ ಪರದೆ ಮಂಕಾಗಿ ಬೆಳಗಿ, ಬ್ರೇಕ್, ಸ್ಟೀರಿಂಗ್, ಹೈಬ್ರಿಡ್ ಎಂದು ನಾಲ್ಕಾರು ಎಚ್ಚರಿಕೆಗಳು ಒಟ್ಟಿಗೆ ಮಿಂಚುತ್ತವೆ. ‘ಲಕ್ಷಗಟ್ಟಲೆ ಬೆಲೆಯ ಬ್ಯಾಟರಿ ಹೋಯಿತು’ ಎಂದು ಎದೆ ಧಸಕ್ಕೆನ್ನುತ್ತದೆ. ಹೆಚ್ಚಾಗಿ ಹಾಗೇನೂ ಆಗಿರುವುದಿಲ್ಲ. ರಿಲೇ ಮುಚ್ಚಲು, ಕಂಪ್ಯೂಟರುಗಳನ್ನು ಎಬ್ಬಿಸಲು ಬೇಕಾದ 12 ವೋಲ್ಟ್ ಸಾಲದಾಗಿ, ಒಂದೊಂದು ಕಂಪ್ಯೂಟರೂ ತನ್ನ ಪಕ್ಕದವನಿಂದ ಉತ್ತರ ಬರಲಿಲ್ಲವೆಂದು ದೂರುತ್ತಿರುತ್ತದೆ ಅಷ್ಟೆ.

ಪೆಟ್ರೋಲ್ ಕಾರು ಇಷ್ಟು ದೂರ ಬರುವ ಮುಂಚೆ ಸೂಚನೆ ಕೊಡುತ್ತದೆ. ಬ್ಯಾಟರಿ ಸೋತಾಗ ಸೆಲ್ಫ್ ಎಳೆದಾಡುತ್ತದೆ, ‘ಯಾಕೋ ಎತ್ತುತ್ತಿಲ್ಲ’ ಎಂದು ನಮಗೆ ಕೆಲವು ದಿನ ಮೊದಲೇ ತಿಳಿಯುತ್ತದೆ. ಹೈಬ್ರಿಡ್ಡಿನಲ್ಲಿ ಎಂಜಿನ್ ತಿರುಗಿಸುವುದು ದೊಡ್ಡ ಬ್ಯಾಟರಿಯಿಂದ ನಡೆಯುವ ಮೋಟಾರು. 12 ವೋಲ್ಟ್ ಬ್ಯಾಟರಿ ಆ ಭಾರ ಹೊರುವುದೇ ಇಲ್ಲ. ಆದ್ದರಿಂದ ಅದು ಸೋಲುತ್ತಿದೆ ಎಂದು ತೋರಿಸುವ ಎಳೆದಾಟವೂ ಇಲ್ಲ. ನಿನ್ನೆಯವರೆಗೆ READY ಬರುತ್ತಿತ್ತು, ಇವತ್ತು ಬರಲಿಲ್ಲ ಎನ್ನುವಂತೆ ಆಗುತ್ತದೆ. ಮಲ್ಟಿಮೀಟರ್ ಇದ್ದರೆ ಅಳೆದು ನೋಡಬಹುದು: ಚೆನ್ನಾಗಿ ತುಂಬಿದ ಬ್ಯಾಟರಿ ತಂಗಿದ್ದಾಗ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ, 12ಕ್ಕಿಂತ ಕೆಳಗಿದ್ದರೆ ಖಾಲಿಯೆಂದೇ ಲೆಕ್ಕ.

ಪರಿಹಾರ ಮಾಮೂಲಿ ಜಂಪ್ ಕೇಬಲ್. ಎಲ್ಲಿ ಹಿಡಿಸಬೇಕು ಎಂಬುದನ್ನು ಕಾರಿನ ಕೈಪಿಡಿ ನೋಡಿಯೇ ಮಾಡಬೇಕು, ಏಕೆಂದರೆ ಹಲವು ಹೈಬ್ರಿಡ್ಡುಗಳಲ್ಲಿ ಸಣ್ಣ ಬ್ಯಾಟರಿ ಹಿಂದೆಲ್ಲೋ ಅಡಗಿರುತ್ತದೆ, ಬಾನೆಟ್ಟಿನ ಕೆಳಗೆ ಬೇರೆ ಟರ್ಮಿನಲ್ ಕೊಟ್ಟಿರುತ್ತಾರೆ. ಪ್ಲಸ್ಸು ಮೈನಸ್ಸು ಅದಲುಬದಲಾದರೆ ನಷ್ಟ ಪೆಟ್ರೋಲ್ ಕಾರಿಗಿಂತ ಎಷ್ಟೋ ದೊಡ್ಡದು. ಕಿತ್ತಳೆ ಕೇಬಲ್ಲುಗಳ ಹತ್ತಿರಕ್ಕೂ ಹೋಗಬಾರದು. ಸರಿಯಾಗಿ ಹಿಡಿಸಿದ ಮೇಲೆ ಬೇಕಾಗುವುದು ಕಂಪ್ಯೂಟರು, ರಿಲೇಗಳಿಗೆ ಸಾಕಾಗುವಷ್ಟು ಕರೆಂಟು ಮಾತ್ರ. ಬ್ರೇಕ್ ತುಳಿದು ಬಟನ್ ಒತ್ತಿದರೆ READY ನಿಲ್ಲುತ್ತದೆ, ಆ ಹೊತ್ತಿನಿಂದ ಕಾರು ತನ್ನ ಸಣ್ಣ ಬ್ಯಾಟರಿಯನ್ನು ದೊಡ್ಡದರಿಂದ ತುಂಬಿಸಲು ತೊಡಗುತ್ತದೆ. ಕೂಡಲೇ ಆರಿಸದೆ ಅರ್ಧ ಮುಕ್ಕಾಲು ಗಂಟೆಯಾದರೂ ಬಿಡಬೇಕು. ಇದೇ ಕಾರಿನಿಂದ ನೆರೆಯವರ ಪೆಟ್ರೋಲ್ ಕಾರಿಗೆ ಜಂಪ್ ಕೊಡಲು ಹೋಗಬಾರದು. ಅವರ ಸೆಲ್ಫ್ ಮೋಟಾರು ಎಳೆಯುವ ಕರೆಂಟಿಗೆ ಹೈಬ್ರಿಡ್ಡಿನ ಸಣ್ಣ ಬ್ಯಾಟರಿಯೂ ಅದನ್ನು ತುಂಬಿಸುವ ಉಪಕರಣವೂ ಹೇಳಿಮಾಡಿಸಿದವಲ್ಲ.

ಆ ಉಪಕರಣದ ಹೆಸರು ಡಿಸಿ-ಡಿಸಿ ಕನ್ವರ್ಟರ್. ಡೈನಮೋ ಇಲ್ಲದ ಈ ಕಾರುಗಳಲ್ಲಿ ಅದರ ಕೆಲಸ ಮಾಡುವುದು ಇದೇ. ಹಾಗಾಗಿ ಕೆಂಪು ಬ್ಯಾಟರಿ ದೀಪ ಎರಡೂ ಕಾರಿನಲ್ಲಿ ಒಂದೇ ಚಿತ್ರವಾದರೂ ಹೇಳುವ ಸುದ್ದಿ ಬೇರೆ. ಪೆಟ್ರೋಲ್ ಕಾರಿನಲ್ಲಿ ಅದು ಓಡುವಾಗ ಹೊತ್ತಿದರೆ ಬೆಲ್ಟ್ ಹರಿದಿರಬಹುದು ಇಲ್ಲವೇ ಡೈನಮೋ ಕೆಟ್ಟಿರಬಹುದು. ಅದೇ ಬೆಲ್ಟು ನೀರಿನ ಪಂಪನ್ನು ತಿರುಗಿಸದಿದ್ದರೆ, ಎ.ಸಿ. ಮತ್ತು ದೀಪ ಆರಿಸಿ ಹತ್ತಿರದ ಗ್ಯಾರೇಜು ತಲುಪಿದವರು ಬಹಳ ಜನ ಇದ್ದಾರೆ. ಹೈಬ್ರಿಡ್ಡಿನಲ್ಲಿ ಆ ಭರವಸೆ ಇಟ್ಟುಕೊಳ್ಳಬಾರದು. ಸಣ್ಣ ಬ್ಯಾಟರಿ ಬರಿದಾದ ಕ್ಷಣ ದೊಡ್ಡ ಬ್ಯಾಟರಿಯ ರಿಲೇಗಳನ್ನು ಹಿಡಿದಿಡುವ ಶಕ್ತಿ ಹೋಗುತ್ತದೆ, READY ಬಿದ್ದುಹೋಗುತ್ತದೆ, ದೊಡ್ಡ ಬ್ಯಾಟರಿ ತುಂಬಿ ತುಳುಕುತ್ತಿದ್ದರೂ ಕಾರು ನಿಲ್ಲುತ್ತದೆ. ಬ್ರೇಕಿಗೂ ಸ್ಟೀರಿಂಗಿಗೂ ವಿದ್ಯುತ್ತಿನ ಸಹಾಯವೇ ಆಧಾರವಾದ್ದರಿಂದ ಅವೂ ಭಾರವಾಗುತ್ತವೆ. ದೀಪ ಹೊತ್ತಿದ ಮೇಲೆ ಸಿಗುವ ಮೊದಲ ಸುರಕ್ಷಿತ ಜಾಗದಲ್ಲಿ ನಿಲ್ಲಿಸುವುದೇ ಸರಿ.

ಈಗ ಹೈಬ್ರಿಡ್ ವ್ಯವಸ್ಥೆಯ ಎಚ್ಚರಿಕೆಗೆ ಬರೋಣ. ಪೆಟ್ರೋಲ್ ಕಾರಿನ ಹಳದಿ ಎಂಜಿನ್ ದೀಪದ ಚಿಂತೆಯೆಲ್ಲ ದಹನದ ಸುತ್ತ: ಗಾಳಿ, ಪೆಟ್ರೋಲ್, ಕಿಡಿ, ಹೊಗೆ, ಅವನ್ನು ಅಳೆಯುವ ಸೆನ್ಸರುಗಳು. ಬಹಳ ಸಲ ಅದು ಹೊತ್ತಿಕೊಂಡೇ ಕಾರು ವಾರಗಟ್ಟಲೆ ಓಡುವುದುಂಟು. ಹೈಬ್ರಿಡ್ಡಿನಲ್ಲಿ ಆ ದೀಪ ಇದ್ದೇ ಇರುತ್ತದೆ, ಅದರ ಮೇಲೆ ಇನ್ನೊಂದು ಪದರ ಬರುತ್ತದೆ. ಹಳೆಯ ಪ್ರಿಯಸ್‌ಗಳಲ್ಲಿ ಕೆಂಪು ತ್ರಿಕೋನದೊಳಗೆ ಉದ್ಗಾರ ಚಿಹ್ನೆ ಮತ್ತು ಪರದೆಯಲ್ಲಿ ಕಾರಿನ ಚಿತ್ರ. ಈಚಿನವುಗಳಲ್ಲಿ ಬೀಪ್ ಸದ್ದಿನೊಡನೆ Check Hybrid System ಎಂಬಂಥ ಬರಹ. ದೊಡ್ಡ ಬ್ಯಾಟರಿ, ಇನ್ವರ್ಟರ್, ಮೋಟಾರುಗಳು, ಅವನ್ನು ತಣಿಸುವ ಗಾಳಿ ಮತ್ತು ನೀರು, ಕಿತ್ತಳೆ ಕೇಬಲ್ಲಿನ ಇನ್ಸುಲೇಷನ್, ಇವುಗಳಲ್ಲಿ ಯಾವುದು ತಪ್ಪಿದರೂ ಬರುವುದು ಇದೇ ಒಂದು ಎಚ್ಚರಿಕೆ. ಅದರ ಹಿಂದೆ ನೂರು ರೂಪಾಯಿಯ ಕೆಲಸವೂ ಇರಬಹುದು, ಲಕ್ಷದ ಕೆಲಸವೂ ಇರಬಹುದು.

ಕಡಿಮೆ ಖರ್ಚಿನದ್ದನ್ನು ಮೊದಲು ಹೇಳುತ್ತೇನೆ. ಗಾಳಿಯಿಂದ ತಣಿಯುವ ಬ್ಯಾಟರಿಗಳಿಗೆ ಕಾರಿನ ಒಳಗಿನ ಗಾಳಿಯನ್ನೇ ಒಂದು ಫ್ಯಾನ್ ಎಳೆದು ಕೊಡುತ್ತದೆ. ಆ ಗಾಳಿ ಹೋಗುವ ಜಾಲರಿ ಸಾಮಾನ್ಯವಾಗಿ ಸೀಟಿನ ಬುಡದಲ್ಲೋ ಪಕ್ಕದಲ್ಲೋ ಇರುತ್ತದೆ. ನಮ್ಮ ರಸ್ತೆಯ ಧೂಳು, ಸಾಕುನಾಯಿಯ ಕೂದಲು, ಮಕ್ಕಳು ಚೆಲ್ಲಿದ ಚುರುಮುರಿ ಪುಡಿ ಎಲ್ಲ ಸೇರಿ ಅದರ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹಲವರು ತಿಳಿಯದೆ ಅದಕ್ಕೆ ಚೀಲ ಒತ್ತಿ ಇಡುತ್ತಾರೆ, ಸೀಟ್ ಕವರು ಹೊಲಿಸಿ ಮುಚ್ಚಿಬಿಡುತ್ತಾರೆ. ಬೇಸಿಗೆಯಲ್ಲಿ ಬ್ಯಾಟರಿ ಕಾಯ್ದು ಶಕ್ತಿ ತಗ್ಗುತ್ತದೆ, ಹಿಂದಿನಿಂದ ಫ್ಯಾನಿನ ‘ಭರ್’ ಸದ್ದು ಜೋರಾಗುತ್ತದೆ, ಆಮೇಲೆ ಬ್ಯಾಟರಿ ತಣಿಸುವ ಭಾಗಗಳನ್ನು ನೋಡಿ ಎಂಬ ಬರಹ ಬರುತ್ತದೆ. ಫಿಲ್ಟರ್ ತೆಗೆದು ಧೂಳು ಕೊಡವಿ ಹಾಕಿದರೆ ಮುಗಿಯಿತು. ಅಲಕ್ಷ್ಯ ಮಾಡಿ ವರ್ಷಗಟ್ಟಲೆ ಓಡಿಸಿದರೆ ಬಿಸಿಗೆ ಸೆಲ್‌ಗಳು ಒಂದೊಂದಾಗಿ ಸೊರಗುತ್ತವೆ. ಆಗ ಬರುವ ಎಚ್ಚರಿಕೆ ಫಿಲ್ಟರ್ ಕೊಡವಿದರೆ ಹೋಗದು.

ದುಬಾರಿಯದ್ದು ಇನ್ಸುಲೇಷನ್ನಿನ ದೋಷ. ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಅದು ಎಲ್ಲಿಂದ ಬರುತ್ತದೆ ಎಂದು ಯಾರೂ ಊಹಿಸುವುದಿಲ್ಲ.

ಪೆಟ್ರೋಲ್ ಕಾರಿನಲ್ಲಿ ಬ್ಯಾಟರಿಯ ಮೈನಸ್ ತಂತಿಯನ್ನು ಬಾಡಿಗೇ ಹಿಡಿಸಿರುತ್ತಾರೆ, ಇಡೀ ಲೋಹದ ಮೈಯೇ ಒಂದು ತಂತಿ. ಹೈಬ್ರಿಡ್ಡಿನ ಹೆಚ್ಚಿನ ವೋಲ್ಟೇಜಿಗೆ ಹಾಗೆ ಮಾಡುವಂತಿಲ್ಲ. ಅದರ ಪ್ಲಸ್ಸೂ ಮೈನಸ್ಸೂ ಎರಡೂ ಬಾಡಿಯಿಂದ ಪೂರ್ತಿ ಬೇರೆಯಾಗಿರಬೇಕು. ಹಾಗಿರುವವರೆಗೆ ಒಂದು ಕಡೆ ಇನ್ಸುಲೇಷನ್ ಸವೆದರೂ ಮುಟ್ಟಿದವರಿಗೆ ಶಾಕ್ ಹೊಡೆಯದು, ಕರೆಂಟಿಗೆ ಮರಳುವ ದಾರಿ ಇರುವುದಿಲ್ಲ. ಎರಡನೇ ಕಡೆಯೂ ಸವೆದರೆ ಮಾತ್ರ ಅನಾಹುತ. ಆದ್ದರಿಂದ ಕಾರು ತನ್ನ ಇನ್ಸುಲೇಷನ್ನನ್ನು ತಾನೇ ಬಿಡದೆ ಅಳೆಯುತ್ತಿರುತ್ತದೆ, ಮೊದಲನೇ ಸೋರಿಕೆ ಕಂಡಾಗಲೇ ಎಚ್ಚರಿಕೆ ಹೊತ್ತಿಸುತ್ತದೆ. ಕಾರು ಎಂದಿನಂತೆ ಓಡುತ್ತಲೇ ಇರಬಹುದು, ಅದರಿಂದ ಮೋಸ ಹೋಗಬಾರದು.

ಒಂದು ಹಳೆಯ ಪ್ರಿಯಸ್ ಇದೆ ಎನ್ನಿ. ಬೇಸಿಗೆಗೆ ಮುಂಚೆ ಎ.ಸಿ. ತಂಪು ಕಡಿಮೆಯಾಯಿತೆಂದು ಮಾಮೂಲು ಎ.ಸಿ. ಅಂಗಡಿಯಲ್ಲಿ ಗ್ಯಾಸ್ ತುಂಬಿಸಿದರು. ಗ್ಯಾಸಿನ ಜೊತೆ ಕಂಪ್ರೆಸರಿಗೆ ಸ್ವಲ್ಪ ಆಯಿಲ್ ಕೂಡ ಹಾಕುವುದು ವಾಡಿಕೆ. ಪೆಟ್ರೋಲ್ ಕಾರುಗಳಿಗೆ ಹಾಕುವ ‘ಪ್ಯಾಗ್’ ಆಯಿಲನ್ನೇ ಹಾಕಿದರು. ತಂಪು ಬಂತು, ಕಾರು ಹೋಯಿತು. ಕೆಲವು ದಿನ ಕಳೆದು ಕೆಂಪು ತ್ರಿಕೋನ ಹೊತ್ತಿತು. ಗಮನಿಸಿದರೆ ಎ.ಸಿ. ಹಾಕಿ ಓಡಿಸಿದ ದಿನವೇ ಬರುತ್ತದೆ, ಎ.ಸಿ. ಆರಿಸಿ ಓಡಿಸಿದ ದಿನ ಹೊಸದಾಗಿ ಬರುವುದಿಲ್ಲ.

ಹೈಬ್ರಿಡ್ಡಿನ ಕಂಪ್ರೆಸರಿನೊಳಗೆ ಒಂದು ವಿದ್ಯುತ್ ಮೋಟಾರೇ ಇದೆ, ಅದರ ಸುರುಳಿಗಳು ಎ.ಸಿ. ಗ್ಯಾಸು ಮತ್ತು ಆಯಿಲಿನಲ್ಲಿ ನೆನೆಯುತ್ತಿರುತ್ತವೆ. ಆ ಆಯಿಲು ವಿದ್ಯುತ್ತನ್ನು ಹಾಯಗೊಡಬಾರದು. ಅದಕ್ಕಾಗಿ ಬೇರೆ ಜಾತಿಯ ಆಯಿಲನ್ನು ನಿಗದಿ ಮಾಡಿದ್ದಾರೆ, ಟೊಯೋಟಾ ಕಾರುಗಳಲ್ಲಿ ಅದರ ಹೆಸರು ND-OIL 11. ಪ್ಯಾಗ್ ಆಯಿಲು ಬೆರೆತರೆ ಸುರುಳಿಯಿಂದ ಕಂಪ್ರೆಸರಿನ ಲೋಹದ ಮೈಗೆ, ಅಲ್ಲಿಂದ ಬಾಡಿಗೆ ಕರೆಂಟು ಸಣ್ಣಗೆ ಸೋರತೊಡಗುತ್ತದೆ. ಸ್ಕ್ಯಾನರ್ ಹಾಕಿದಾಗ ಸಿಗುವ ಕೋಡ್ P0AA6, ಅಂದರೆ ಹೆಚ್ಚಿನ ವೋಲ್ಟೇಜಿನ ಸೋರಿಕೆ. ಎಲ್ಲಿ ಎಂಬುದನ್ನು ಅದರ ಜೊತೆಯ ಮೂರಂಕಿ ಹೇಳುತ್ತದೆ: 611 ಎ.ಸಿ.ಯ ಕಡೆ, 612 ಬ್ಯಾಟರಿಯ ಕಡೆ, 613 ಮೋಟಾರುಗಳಿರುವ ಗೇರ್‌ಬಾಕ್ಸಿನ ಕಡೆ. ಕಂಪ್ರೆಸರ್ ಓಡುವಾಗ ಸೋರಿಕೆ ಇದೆಯೇ, ನಿಂತಾಗ ಹೋಗುತ್ತದೆಯೇ, ಮುಖ್ಯ ರಿಲೇ ತೆರೆದಾಗಲೂ ಉಳಿಯುತ್ತದೆಯೇ ಎಂದು ಹೋಲಿಸಿಯೇ ಕಾರು ಈ ಜಾಗವನ್ನು ಕಂಡುಕೊಳ್ಳುತ್ತದೆ. ನಮ್ಮ ಪ್ರಿಯಸ್ಸಿನಲ್ಲಿ ಬಂದದ್ದು 611.

ಖಚಿತಪಡಿಸಲು ಗ್ಯಾರೇಜಿನವರು ಕಾರನ್ನು ಪೂರ್ತಿ ಆರಿಸಿ, ಕೀಲಿ ದೂರವಿಟ್ಟು, ಸಣ್ಣ ಬ್ಯಾಟರಿಯ ಮೈನಸ್ ಕಳಚಿ, ದೊಡ್ಡ ಬ್ಯಾಟರಿಯ ಸರ್ವಿಸ್ ಪ್ಲಗ್ ಎಳೆಯುತ್ತಾರೆ. ರಬ್ಬರ್ ಕೈಗವಸು ಹಾಕಿಕೊಂಡೇ. ಅಷ್ಟಾದ ಮೇಲೂ 10 ನಿಮಿಷ ಕಾಯಬೇಕು, ಇನ್ವರ್ಟರಿನ ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತು ಇಳಿಯಲು. ವೋಲ್ಟೇಜ್ ಸೊನ್ನೆಯಾಗಿದೆ ಎಂದು ಅಳೆದು ನೋಡಿ, ಕಂಪ್ರೆಸರಿನ ಕೇಬಲ್ ಬಿಡಿಸಿ, ಮೆಗ್ಗರ್ ಎಂಬ ಉಪಕರಣದಿಂದ ಅದರ ಇನ್ಸುಲೇಷನ್ ಅಳೆಯುತ್ತಾರೆ. ಸಾಮಾನ್ಯ ಮಲ್ಟಿಮೀಟರಿನ ಕೆಲವು ವೋಲ್ಟಿಗೆ ಈ ಸೋರಿಕೆ ಕಾಣದೆ ಹೋಗಬಹುದು, ಮೆಗ್ಗರ್ ನೂರಾರು ವೋಲ್ಟ್ ಕೊಟ್ಟು ನೋಡುತ್ತದೆ. ದೋಷ ದೃಢಪಟ್ಟರೆ ಕಂಪ್ರೆಸರ್ ಬದಲಿಸಿದರೂ ಸಾಲದು. ತಪ್ಪು ಆಯಿಲು ಪೈಪು, ಕೂಲಿಂಗ್ ಕಾಯಿಲ್ ಎಲ್ಲ ಕಡೆ ಹರಡಿರುತ್ತದೆ, ಅವನ್ನೂ ಬದಲಿಸದಿದ್ದರೆ ಹೊಸ ಕಂಪ್ರೆಸರೂ ಅದೇ ದಾರಿ ಹಿಡಿಯುತ್ತದೆ. ಒಂದು ಗ್ಯಾಸ್ ಫಿಲ್ಲಿಂಗಿನಿಂದ ಶುರುವಾದದ್ದು ಇಡೀ ಎ.ಸಿ. ವ್ಯವಸ್ಥೆಯ ಬೆಲೆ ಕೇಳುತ್ತದೆ. ಹೈಬ್ರಿಡ್ ಕಾರಿನ ಎ.ಸಿ. ಮುಟ್ಟುವವರನ್ನು ‘ಯಾವ ಆಯಿಲು ಹಾಕುತ್ತೀರಿ?’ ಎಂದು ಮೊದಲೇ ಕೇಳಿ. ಹೈಬ್ರಿಡ್ಡಿಗೆ ಬೇರೆ ಮೆಷಿನ್ನು, ಬೇರೆ ಆಯಿಲು ಇಟ್ಟಿದ್ದೇನೆ ಎನ್ನುವವರಿಗೆ ಮಾತ್ರ ಕಾರು ಕೊಡಿ.

ರಸ್ತೆಯ ಮೇಲೆ ಎಚ್ಚರಿಕೆ ಬಂದಾಗ ನೋಡಬೇಕಾದದ್ದು ಎರಡು. ಪರದೆಯ ಬರಹದಲ್ಲಿ ‘ನಿಲ್ಲಿಸಿ’ ಎಂಬ ಮಾತಿದೆಯೇ? READY ಇನ್ನೂ ಹೊತ್ತಿದೆಯೇ? READY ಇದ್ದರೆ ರಿಲೇಗಳು ಇನ್ನೂ ಮುಚ್ಚಿವೆ, ಕಾರಿಗೆ ಚಲಿಸುವ ಶಕ್ತಿ ಉಳಿದಿದೆ, ಲಾರಿಗಳ ನಡುವಿನಿಂದ ಪಕ್ಕಕ್ಕೆ ಬರಲು ಅದನ್ನು ಬಳಸಿಕೊಳ್ಳಬೇಕು. ಪೆಟ್ರೋಲ್ ಕಾರಿನಲ್ಲಿ ನಮಗೆ ಒಂದು ರೂಢಿಯಿದೆ: ಏನಾದರೂ ದೀಪ ಬಂದರೆ ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡುವುದು. ಹೈಬ್ರಿಡ್ಡಿನಲ್ಲಿ ನಡುರಸ್ತೆಯಲ್ಲಿ ಹಾಗೆ ಮಾಡಲೇಬಾರದು. ಓಡುತ್ತಿರುವಾಗ ಕಾರು ಸಹಿಸಿಕೊಂಡ ಕೆಲವು ದೋಷಗಳನ್ನು ಹೊಸದಾಗಿ ಚಾಲೂ ಮಾಡುವಾಗ ಸಹಿಸುವುದಿಲ್ಲ. ಆಫ್ ಮಾಡಿದ ಮೇಲೆ READY ಮತ್ತೆ ಬಾರದೆ ಇರಬಹುದು. ಆರಿಸುವುದು ಕಾರು ಸುರಕ್ಷಿತ ಜಾಗಕ್ಕೆ ಬಂದ ಮೇಲೆ. ಹೊಗೆ, ಸುಟ್ಟ ವಾಸನೆ ಇದ್ದರೆ ಮಾತ್ರ ಯಾವ ಲೆಕ್ಕಾಚಾರವೂ ಬೇಡ, ಅಲ್ಲೇ ನಿಲ್ಲಿಸಿ, ಆರಿಸಿ, ಎಲ್ಲರೂ ದೂರ ಹೋಗಬೇಕು.

ಕೆಟ್ಟು ನಿಂತ ಕಾರನ್ನು ಹಗ್ಗ ಕಟ್ಟಿ ಎಳೆಸುವುದೂ ಇಲ್ಲಿ ನಡೆಯದು. ಮುಂದಿನ ಚಕ್ರಕ್ಕೆ ಜೋಡಿಸಿದ ಮೋಟಾರು ನ್ಯೂಟ್ರಲ್‌ನಲ್ಲೂ ಚಕ್ರದ ಜೊತೆ ತಿರುಗುತ್ತದೆ, ತಿರುಗಿದರೆ ವಿದ್ಯುತ್ತು ಹುಟ್ಟುತ್ತದೆ. READY ಆರಿ ಕಾವಲು ಕಾಯುವ ಕಂಪ್ಯೂಟರುಗಳೆಲ್ಲ ಮಲಗಿರುವ ಹೊತ್ತಿನಲ್ಲಿ ಆ ವಿದ್ಯುತ್ತು ಇನ್ವರ್ಟರಿಗೆ ಹಾನಿ ಮಾಡಬಹುದು, ಬೆಂಕಿಗೂ ಕಾರಣವಾಗಬಹುದು. ಕಾರನ್ನು ಪೂರ್ತಿ ಮೇಲೆತ್ತಿ ಒಯ್ಯುವ ಫ್ಲಾಟ್‌ಬೆಡ್ ಗಾಡಿಯನ್ನೇ ಕರೆಸಬೇಕು. ಕನಿಷ್ಠ ಮುಂದಿನ ಚಕ್ರಗಳಾದರೂ ನೆಲ ಬಿಟ್ಟಿರಬೇಕು.

ಗ್ಯಾರೇಜು ತಲುಪಿದ ಮೇಲೂ ಒಂದು ಎಡವಟ್ಟು ಕಾದಿರುತ್ತದೆ. ರಸ್ತೆ ಬದಿಯ ಮೆಕ್ಯಾನಿಕ್ಕುಗಳ ಬಳಿಯಿರುವ ಅಗ್ಗದ ಸ್ಕ್ಯಾನರುಗಳು ಬಹುಪಾಲು ಎಂಜಿನ್ನಿನ ಕಂಪ್ಯೂಟರನ್ನು ಮಾತ್ರ ಓದುತ್ತವೆ. ಹೈಬ್ರಿಡ್ ಕಂಪ್ಯೂಟರು, ಬ್ಯಾಟರಿ ಕಂಪ್ಯೂಟರುಗಳ ಮಾತು ಅವಕ್ಕೆ ತಿಳಿಯದು. ‘ಸಾರ್, ಕೋಡ್ ಏನೂ ಇಲ್ಲ’ ಎಂದು ಅವರು ಹೇಳಿದರೆ ಸುಳ್ಳು ಹೇಳುತ್ತಿದ್ದಾರೆಂದಲ್ಲ, ಅವರು ಕೇಳಿದ ಕಂಪ್ಯೂಟರಿನಲ್ಲಿ ನಿಜಕ್ಕೂ ಏನೂ ಇರುವುದಿಲ್ಲ. ಇನ್ನು ಬ್ಯಾಟರಿ ತಂತಿ ಕಳಚಿ ದೀಪ ಆರಿಸಿಕೊಡುವವರಂತೂ ಇದ್ದೇ ಇದ್ದಾರೆ. ದೋಷ ಬಂದ ಕ್ಷಣದಲ್ಲಿ ಬ್ಯಾಟರಿ ಎಷ್ಟು ಬಿಸಿಯಿತ್ತು, ವೇಗ ಎಷ್ಟಿತ್ತು, ಎ.ಸಿ. ಓಡುತ್ತಿತ್ತೇ ಎಂಬ ದಾಖಲೆಯನ್ನು ಕಾರು ಕೋಡಿನ ಜೊತೆಗೇ ಬರೆದಿಟ್ಟಿರುತ್ತದೆ. ದೀಪದ ಜೊತೆ ಆ ದಾಖಲೆಯೂ ಅಳಿಸಿಹೋಗಬಹುದು, ಮುಂದೆ ನೋಡುವವರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಎಚ್ಚರಿಕೆ ಬಂದಾಗ ಕಾರು ನಿಲ್ಲಿಸಿ ಪರದೆಯ ಫೋಟೋ ತೆಗೆದುಕೊಳ್ಳಿ. ಯಾವ ದೀಪಗಳು ಒಟ್ಟಿಗಿದ್ದವು, READY ಇತ್ತೇ ಇರಲಿಲ್ಲವೇ, ಎ.ಸಿ. ಹಾಕಿತ್ತೇ ಎಂದು ಬರೆದಿಟ್ಟುಕೊಳ್ಳಿ. ಹೈಬ್ರಿಡ್ ಕಂಪ್ಯೂಟರನ್ನು ಓದಬಲ್ಲ ಸ್ಕ್ಯಾನರ್ ಇರುವವರ ಕೈಗೆ ಕಾರು ಸೇರುವ ತನಕ ಏನನ್ನೂ ಅಳಿಸಗೊಡಬೇಡಿ.